ಕಿಲ್ ಸ್ವಿಚ್ ಆನ್ ಇದ್ದರೂ ಅರ್ಧ ನಿಮಿಷದಲ್ಲಿ ಟ್ರಾಫಿಕ್ ಸೋರಿದ್ದು ಹೇಗೆ?

ಪ್ರಶ್ನೆ: ದಾವಣಗೆರೆ ವಿದ್ಯಾನಗರದ ಮನೆಯಿಂದಲೇ ಹೊರದೇಶದ ಕಂಪನಿಯೊಂದಕ್ಕೆ ಮೆಡಿಕಲ್ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಅವರ ಪೋರ್ಟಲ್‌ಗೆ ವಿಪಿಎನ್ ಮೂಲಕವೇ ಹೋಗಬೇಕು ಅನ್ನೋದು ಕರಾರು. ಕರೆಂಟ್ ಹೋದರೆ ರೂಟರ್ ಆಫ್ ಆಗುತ್ತೆ, ವಿಂಡೋಸ್ ಲ್ಯಾಪ್‌ಟಾಪ್ ತಾನಾಗಿಯೇ ನನ್ನ ಮೊಬೈಲ್ ಹಾಟ್‌ಸ್ಪಾಟ್ ಹಿಡಿಯುತ್ತೆ. ಅರ್ಧ ನಿಮಿಷದೊಳಗೆ ವಿಪಿಎನ್ ಮತ್ತೆ ಕನೆಕ್ಟ್ ಆಗುತ್ತೆ. ಹೋದ ವಾರ ಅವರ ಐಟಿಯವರಿಂದ ಮೇಲ್ ಬಂತು: ಮಧ್ಯಾಹ್ನ 3:42ಕ್ಕೆ ನಿಮ್ಮ ಅಕೌಂಟ್ ಭಾರತದ ಮೊಬೈಲ್ ನೆಟ್‌ವರ್ಕ್ ವಿಳಾಸದಿಂದ ಬಳಕೆಯಾಗಿದೆ ಅಂತ. ವಿಪಿಎನ್ ಕಡಿದರೆ ನೆಟ್ ತಡೆಯಬೇಕಾದ ಕಿಲ್ ಸ್ವಿಚ್ ಆನ್ ಇತ್ತು! ಕಿಲ್ ಸ್ವಿಚ್ ಅನ್ನೋದೇ ತೋರಿಕೆ ಅಂತ ಗೆಳತಿ ಹೇಳ್ತಾಳೆ. ರೋಗಿಗಳ ಮಾಹಿತಿ ಹೊರಗೆ ಹೋಯಿತಾ? ಮೊಬೈಲ್‌ನಲ್ಲೂ ವಿಪಿಎನ್ ಹಾಕಿ ಹಾಟ್‌ಸ್ಪಾಟ್ ಕೊಟ್ಟರೆ ಸರಿಹೋಗುತ್ತಾ?

ಉತ್ತರ: ಮೊದಲು ನಿಮ್ಮ ದೊಡ್ಡ ಭಯದ ಬಗ್ಗೆ ಹೇಳುತ್ತೇನೆ. ಪೋರ್ಟಲ್‌ನ ವಿಳಾಸ `https` ಅಂತ ಶುರುವಾಗುತ್ತದೆ ಅಲ್ವಾ? ಹಾಗಿದ್ದರೆ ರೋಗಿಗಳ ಹೆಸರು, ಬಿಲ್, ನಿಮ್ಮ ಪಾಸ್‌ವರ್ಡ್ ಯಾವುದನ್ನೂ ಮಧ್ಯದಲ್ಲಿ ಯಾರೂ ಓದಲು ಆಗಿಲ್ಲ. ಬ್ರೌಸರ್‌ನಿಂದ ಪೋರ್ಟಲ್‌ವರೆಗೆ ಅದರದೇ ಗೂಢಲಿಪಿ ಇರುತ್ತದೆ. ವಿಪಿಎನ್ ಹೋದರೂ ಅದು ಹೋಗುವುದಿಲ್ಲ. ಹೊರಗೆ ಕಂಡದ್ದು ಎರಡು. ನಿಮ್ಮ ನಿಜವಾದ ಐಪಿ ವಿಳಾಸ ಪೋರ್ಟಲ್‌ಗೆ ಕಂಡಿತು. ನೀವು ಯಾವ ಸೈಟಿಗೆ ಹೋದಿರಿ ಅನ್ನುವುದು ಮೊಬೈಲ್ ಕಂಪನಿಗೆ ಕಂಡಿತು. ಹಾಗಂತ ಇದು ಸಣ್ಣ ವಿಷಯವೇನಲ್ಲ, ಕರಾರು ಮುರಿದಂತೆಯೇ ಲೆಕ್ಕ. ಆದರೆ ಡೇಟಾ ಕಳ್ಳತನ ಬೇರೆ, ಇದು ಬೇರೆ.

ಇನ್ನು ಕಿಲ್ ಸ್ವಿಚ್. ಅದು ತೋರಿಕೆಯಲ್ಲ. ಆದರೆ ಆ ಒಂದೇ ಹೆಸರಲ್ಲಿ ಬೇರೆ ಬೇರೆ ಕೆಲಸ ಮಾಡುವ ಎರಡು ಮೂರು ವಸ್ತುಗಳು ಮಾರಾಟವಾಗುತ್ತಿವೆ. ನಿಮ್ಮ ಆ್ಯಪ್‌ನಲ್ಲಿ ಯಾವುದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದು ಗೊತ್ತಾಗಬೇಕಾದರೆ ವಿಪಿಎನ್ ಆನ್ ಆದಾಗ ಲ್ಯಾಪ್‌ಟಾಪ್‌ನಲ್ಲಿ ನಿಜಕ್ಕೂ ಏನು ಬದಲಾಗುತ್ತದೆ ಅಂತ ಒಮ್ಮೆ ನೋಡಬೇಕು.

ವಿಪಿಎನ್ ಕನೆಕ್ಟ್ ಆದಾಗ ಮನೆಯ ವೈಫೈ ದಾರಿ ಮುಚ್ಚಿಹೋಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ವಿಪಿಎನ್ ಒಂದು ಹೊಸ ನೆಟ್‌ವರ್ಕ್ ಅಡಾಪ್ಟರ್ ಹುಟ್ಟುಹಾಕುತ್ತದೆ. ಅದು ಸಾಫ್ಟ್‌ವೇರ್‌ನಲ್ಲಿ ಮಾತ್ರ ಇರುವ ಅಡಾಪ್ಟರ್. ಆಮೇಲೆ ‘ಇನ್ನು ಮುಂದೆ ಎಲ್ಲ ಇದರ ಮೂಲಕ ಹೋಗಲಿ’ ಅಂತ ಯಾವ ಟ್ರಾಫಿಕ್ ಯಾವ ದಾರಿಯಲ್ಲಿ ಹೋಗಬೇಕು ಅನ್ನುವ ಪಟ್ಟಿಯಾದ ರೂಟಿಂಗ್ ಟೇಬಲ್‌ನಲ್ಲಿ ಬರೆಯುತ್ತದೆ. ವಿಪಿಎನ್ ಆನ್ ಇರುವಾಗ ಕಮಾಂಡ್ ಪ್ರಾಂಪ್ಟ್‌ನಲ್ಲಿ `route print` ಅಂತ ಹೊಡೆದು ನೋಡಿ. ಓಪನ್‌ವಿಪಿಎನ್ ಬಳಸುವ ಆ್ಯಪ್ ಆಗಿದ್ದರೆ ಹೆಚ್ಚಾಗಿ ಇಂಥ ಮೂರು ಸಾಲು ಕಾಣುತ್ತವೆ:

```
0.0.0.0      0.0.0.0      192.168.1.1
0.0.0.0      128.0.0.0    10.8.0.1
128.0.0.0    128.0.0.0    10.8.0.1
```

ಮೊದಲ ಸಾಲು ನಿಮ್ಮ ಮನೆಯ ರೂಟರ್. ‘ಬೇರೆ ದಾರಿ ಗೊತ್ತಿಲ್ಲದಿದ್ದರೆ ಇಲ್ಲಿಗೆ ಬಾ’ ಅಂತ ಅದರ ಅರ್ಥ. ಕೆಳಗಿನ ಎರಡು ಸಾಲು ವಿಪಿಎನ್ ಸೇರಿಸಿದ್ದು. ಇಂಟರ್ನೆಟ್‌ನ ವಿಳಾಸಗಳನ್ನೆಲ್ಲ ಅದು ಎರಡು ಅರ್ಧ ಮಾಡಿಕೊಂಡು, ಎರಡೂ ಅರ್ಧ ನನ್ನದು ಅನ್ನುತ್ತದೆ. ಹೆಚ್ಚು ನಿಖರವಾಗಿ ಹೇಳಿದ ದಾರಿಯೇ ಗೆಲ್ಲಬೇಕು ಅನ್ನುವುದು ರೂಟಿಂಗ್‌ನ ನಿಯಮ. ಅರ್ಧ ಅನ್ನುವುದು ಇಡೀ ಅನ್ನುವುದಕ್ಕಿಂತ ನಿಖರ. ಹಾಗಾಗಿ ಟ್ರಾಫಿಕ್ ಎಲ್ಲ ವಿಪಿಎನ್ ಕಡೆ ತಿರುಗುತ್ತದೆ. ಮೊದಲ ಸಾಲನ್ನು ಯಾರೂ ಅಳಿಸಿಲ್ಲ, ಗಮನಿಸಿ. ಅದು ಸುಮ್ನೆ ಸೋತು ಕೂತಿದೆ.

ಈಗ ವಿಪಿಎನ್ ಅಡಾಪ್ಟರ್ ಹೋಯಿತು ಅನ್ನಿ. ಅದರ ಜೊತೆಗೆ ಕೆಳಗಿನ ಎರಡು ಸಾಲೂ ಹೋಗುತ್ತವೆ. ಉಳಿದದ್ದು ಮೊದಲ ಸಾಲು ಒಂದೇ. ವಿಂಡೋಸ್‌ಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಇರುವ ದಾರಿಯಲ್ಲಿ ಕಳಿಸುವುದು ಅದರ ಕೆಲಸ, ಕಳಿಸುತ್ತದೆ. ಸೋರಿಕೆ ಅಂದರೆ ಇಷ್ಟೇ. ಯಾರೂ ಏನನ್ನೂ ಮುರಿದಿಲ್ಲ, ಎಲ್ಲವೂ ಹೇಗೆ ನಡೆಯಬೇಕೋ ಹಾಗೇ ನಡೆದಿದೆ.

ನಿಮ್ಮ 3:42ರ ಕತೆಯನ್ನು ಈ ಕಣ್ಣಲ್ಲಿ ನೋಡಿ. ಕರೆಂಟ್ ಹೋಯಿತು, ರೂಟರ್ ಸತ್ತಿತು. ಆ ಕ್ಷಣ ಲ್ಯಾಪ್‌ಟಾಪ್‌ಗೆ ಯಾವ ನೆಟ್ಟೂ ಇಲ್ಲ. ನೆಟ್ ಇಲ್ಲದಿದ್ದರೆ ಸೋರಿಕೆಯೂ ಇಲ್ಲ. ನಾಲ್ಕೈದು ಸೆಕೆಂಡಿನಲ್ಲಿ ಅದು ಹಾಟ್‌ಸ್ಪಾಟ್ ಹಿಡಿಯಿತು. ಹೊಸ ವಿಳಾಸ, ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಹೊಸ ಡಿಎನ್‌ಎಸ್, ಟೇಬಲ್‌ನಲ್ಲಿ ಹೊಸ ಮೊದಲ ಸಾಲು ಬಂತು. ವಿಪಿಎನ್ ಅಡಾಪ್ಟರ್ ಇನ್ನೂ ನಿಂತಿದ್ದರೆ ಟ್ರಾಫಿಕ್ ಅದರೊಳಗೆ ಹೋಗಿ ಅಲ್ಲೇ ಸಾಯುತ್ತದೆ. ಪುಟ ತಿರುಗುತ್ತಲೇ ಇರುತ್ತದೆ, ಏನೂ ತೆರೆಯುವುದಿಲ್ಲ. ಬಳಸುವವರಿಗೆ ಕಿರಿಕಿರಿ, ಆದರೆ ಸೋರಿಕೆಯಿಲ್ಲ. ಅಷ್ಟರಲ್ಲಿ ವಿಪಿಎನ್ ಆ್ಯಪ್‌ಗೆ ಸರ್ವರ್ ಉತ್ತರಿಸುತ್ತಿಲ್ಲ ಅಂತ ಗೊತ್ತಾಗುತ್ತದೆ. ಆಗ ಕೆಲವು ಆ್ಯಪ್‌ಗಳು ಹಳೆ ಅಡಾಪ್ಟರ್ ಕಿತ್ತುಹಾಕಿ ಹೊಸದಾಗಿ ಕಟ್ಟಲು ಶುರು ಮಾಡುತ್ತವೆ. ಕಿತ್ತದ್ದಕ್ಕೂ ಕಟ್ಟಿದ್ದಕ್ಕೂ ನಡುವೆ ಇರುವ ಹೊತ್ತೇ ಅಪಾಯದ ಹೊತ್ತು.

‘ಅಷ್ಟು ಸಣ್ಣ ಹೊತ್ತಲ್ಲಿ ನಾನೇನೂ ಕ್ಲಿಕ್ ಮಾಡಲೇ ಇಲ್ಲ’ ಅಂತ ನಿಮಗೆ ಅನ್ನಿಸಬಹುದು. ನೀವು ಮಾಡಬೇಕಾಗಿಲ್ಲ. ಕನೆಕ್ಷನ್ ಕಡಿದದ್ದೇ ಆ್ಯಪ್‌ಗಳನ್ನು ಎಬ್ಬಿಸುತ್ತದೆ. ತೆರೆದಿಟ್ಟ ಪೋರ್ಟಲ್ ಟ್ಯಾಬ್, ಮೇಲ್, ಫೈಲ್ ಸಿಂಕ್, ಚಾಟ್ ಎಲ್ಲಕ್ಕೂ ಒಟ್ಟಿಗೇ ಎರರ್ ಬರುತ್ತದೆ. ಎರರ್ ಬಂದರೆ ಏನು ಮಾಡಬೇಕು ಅಂತ ಅವುಗಳಿಗೆ ಬರೆದಿಟ್ಟಿದ್ದಾರೆ: ಮತ್ತೆ ಪ್ರಯತ್ನಿಸು. ಒಂದು ಸೆಕೆಂಡ್, ಎರಡು ಸೆಕೆಂಡ್, ನಾಲ್ಕು ಸೆಕೆಂಡ್ ಬಿಟ್ಟು ಪ್ರಯತ್ನಿಸುತ್ತಲೇ ಇರುತ್ತವೆ. ಮೊದಲು ಯಾವ ದಾರಿಯಲ್ಲಿ ಹೋಗಿದ್ದೆ, ಈಗ ಯಾವ ದಾರಿ ಅನ್ನುವುದು ಆ್ಯಪ್‌ಗೆ ಗೊತ್ತೇ ಇಲ್ಲ. ಅದು ‘ಈ ಸರ್ವರ್‌ಗೆ ಕನೆಕ್ಟ್ ಮಾಡು’ ಅನ್ನುತ್ತದೆ, ದಾರಿ ಹುಡುಕುವುದು ವಿಂಡೋಸ್. ನಿಮ್ಮ ಪೋರ್ಟಲ್ ಟ್ಯಾಬ್ ಹಾಗೆ ಮತ್ತೆ ಕನೆಕ್ಟ್ ಆಗುವಾಗ ನೀವು ಲಾಗಿನ್ ಆಗಿದ್ದೀರಿ ಅಂತ ತೋರಿಸುವ ಕುಕಿಯನ್ನೂ ಜೊತೆಗೆ ಕಳಿಸಿತು. ಅದಕ್ಕೇ ಆ ಮೇಲ್‌ನಲ್ಲಿ ‘ಅಕೌಂಟ್ ಬಳಕೆಯಾಗಿದೆ’ ಅಂತ ಬಂದಿರುವುದು. ಎರಡೇ ಸೆಕೆಂಡಲ್ಲಿ ರೀಕನೆಕ್ಟ್ ಆಗುವ ವಿಪಿಎನ್‌ಗೆ ಈ ತೊಂದರೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲ ಆ್ಯಪ್‌ಗಳೂ ಬಾಗಿಲಿಗೆ ನುಗ್ಗುವುದು ಆ ಎರಡು ಸೆಕೆಂಡಿನಲ್ಲೇ.

ಹಾಗಾದರೆ ಕಿಲ್ ಸ್ವಿಚ್ ಏನು ಮಾಡುತ್ತಿತ್ತು? ನಮ್ಮ ಕಡೆ ಭದ್ರಾ ನಾಲೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಹೊಸ ತೂಬಿನಿಂದ ಮಾತ್ರ ನೀರು ಹೋಗಬೇಕು ಅಂದರೆ ಎರಡು ರೀತಿ ಮಾಡಬಹುದು. ಹಳೆ ತೂಬನ್ನು ಹಾಗೇ ಬಿಟ್ಟು, ಹೊಸದು ಕಿತ್ತುಹೋದಾಗ ಓಡಿಹೋಗಿ ಹಳೆಯದನ್ನು ಮುಚ್ಚಲು ಒಬ್ಬನನ್ನು ಕಾವಲಿಡಬಹುದು. ಇಲ್ಲವೇ ಹಳೆ ತೂಬನ್ನು ಮೊದಲೇ ಮುಚ್ಚಿಬಿಡಬಹುದು.

ಮೊದಲನೆಯದು ಕಾವಲು ಕಾಯುವ ಕಿಲ್ ಸ್ವಿಚ್. ವಿಪಿಎನ್ ಆ್ಯಪ್ ತನ್ನ ಅಡಾಪ್ಟರ್ ಇದೆಯೋ ಇಲ್ಲವೋ ಅಂತ ನೋಡುತ್ತಿರುತ್ತದೆ. ಇಲ್ಲ ಅಂತ ಗೊತ್ತಾದಾಗ ನೆಟ್ ತಡೆಯುತ್ತದೆ, ಅಥವಾ ನೀವು ಪಟ್ಟಿಗೆ ಸೇರಿಸಿದ ಆ್ಯಪ್‌ಗಳನ್ನು ಮುಚ್ಚುತ್ತದೆ. ಗೊತ್ತಾಗುವವರೆಗಿನ ಹೊತ್ತು ಬಯಲು. ಪಟ್ಟಿಯಲ್ಲಿ ಬ್ರೌಸರ್ ಇಲ್ಲದಿದ್ದರೆ ಪೂರ್ತಿ ಹೊತ್ತೂ ಬಯಲು. ಆ್ಯಪೇ ಕ್ರ್ಯಾಶ್ ಆದರೆ ಕಾವಲುಗಾರನೇ ಇಲ್ಲ.

ಎರಡನೆಯದು ಫೈರ್‌ವಾಲ್ ಆಧರಿಸಿದ ಕಿಲ್ ಸ್ವಿಚ್. ವಿಂಡೋಸ್ ಒಳಗೇ Windows Filtering Platform ಅಂತ ಒಂದು ವ್ಯವಸ್ಥೆ ಇದೆ. ಒಳ್ಳೆಯ ವಿಪಿಎನ್ ಆ್ಯಪ್ ಕನೆಕ್ಟ್ ಆಗುವ ಮೊದಲೇ ಅದರಲ್ಲಿ ‘ಎಲ್ಲವನ್ನೂ ತಡೆ’ ಅನ್ನುವ ನಿಯಮ ಹಾಕುತ್ತದೆ. ಆಮೇಲೆ ಕೆಲವಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ: ವಿಪಿಎನ್ ಸರ್ವರ್‌ನ ಐಪಿ ವಿಳಾಸ, ವೈಫೈಯಿಂದ ವಿಳಾಸ ಪಡೆಯಲು ಬೇಕಾದ ಡಿಎಚ್‌ಸಿಪಿ, ಲ್ಯಾಪ್‌ಟಾಪ್ ತನ್ನೊಳಗೇ ಮಾತಾಡುವ ಟ್ರಾಫಿಕ್, ಮತ್ತೆ ವಿಪಿಎನ್ ಅಡಾಪ್ಟರ್. ಇಲ್ಲಿ ವಿಪಿಎನ್ ಕಡಿದದ್ದನ್ನು ಯಾರೂ ಪತ್ತೆ ಹಚ್ಚಬೇಕಾಗಿಲ್ಲ. ಅಡಾಪ್ಟರ್ ಹೋದರೆ ರೂಟಿಂಗ್ ಟೇಬಲ್ ಹಾಟ್‌ಸ್ಪಾಟ್ ಕಡೆ ಕೈ ತೋರಿಸಬಹುದು, ಆದರೆ ಫೈರ್‌ವಾಲ್ ಬಿಡುವುದಿಲ್ಲ.

ಇದರಲ್ಲೂ ಒಂದು ಸೂಕ್ಷ್ಮ ಇದೆ, ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಆ ನಿಯಮಗಳ ಆಯಸ್ಸು ಎಷ್ಟು? ಕೆಲವು ಆ್ಯಪ್ ಹಾಕುವ ನಿಯಮ ಆ ಆ್ಯಪ್ ಓಡುತ್ತಿರುವವರೆಗೆ ಮಾತ್ರ. ಅದು ಸತ್ತರೆ ವಿಂಡೋಸ್ ನಿಯಮವನ್ನೂ ಅಳಿಸಿಬಿಡುತ್ತದೆ. ಇನ್ನು ಕೆಲವು ಶಾಶ್ವತ ನಿಯಮ ಹಾಕುತ್ತವೆ. ಆ್ಯಪ್ ಕ್ರ್ಯಾಶ್ ಆದರೂ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದರೂ ಅದು ಇರುತ್ತದೆ. ಹಾಗೆಯೇ, ನೀವೇ Disconnect ಒತ್ತಿದಾಗ ತಡೆ ತೆಗೆಯುವ ಆ್ಯಪ್‌ಗಳೇ ಜಾಸ್ತಿ. ‘ಅವರೇ ಬೇಡ ಅಂದರು’ ಅನ್ನುವುದು ಅವುಗಳ ಲೆಕ್ಕ. ಕಂಪನಿಗಳು ಪೂರ್ತಿ ಬಿಗಿಯಾದದ್ದಕ್ಕೆ Lockdown mode, Advanced, Permanent ಹೀಗೆ ಬೇರೆ ಹೆಸರು ಕೊಟ್ಟಿರುತ್ತವೆ. ಬರೀ Kill switch ಅಂತಿರುವ ಬಟನ್ ಬಹಳ ಸಲ ಸಡಿಲವಾದದ್ದು.

ನಿಮ್ಮ ವಿಷಯದಲ್ಲಿ ಇನ್ನೊಂದು ಅನುಮಾನವನ್ನೂ ನೋಡಲೇಬೇಕು. ಐಟಿಯವರ ಮೇಲ್‌ನಲ್ಲಿ ಐಪಿ ವಿಳಾಸ ಬರೆದಿದ್ದರೆ ಅದನ್ನು ಗಮನಿಸಿ. ಚುಕ್ಕಿ ಇಟ್ಟ ನಾಲ್ಕು ಸಂಖ್ಯೆಗಳಿದ್ದರೆ ಐಪಿವಿ4 ಅನ್ನುವ ಹಳೆ ಬಗೆಯ ವಿಳಾಸ. `2409:` ಅನ್ನುವ ಹಾಗೆ ಕೋಲನ್ ಇಟ್ಟ ಉದ್ದನೆಯದಾಗಿದ್ದರೆ ಐಪಿವಿ6 ಅನ್ನುವ ಹೊಸ ಬಗೆಯದು. ಮೇಲೆ ತೋರಿಸಿದ ಮೂರು ಸಾಲು ಐಪಿವಿ4ರದ್ದು ಮಾತ್ರ. ಕೆಲವು ವಿಪಿಎನ್‌ಗಳು ಐಪಿವಿ6 ಕಡೆ ತಿರುಗಿಯೂ ನೋಡುವುದಿಲ್ಲ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ6 ಇಲ್ಲದಿದ್ದರೆ ಈ ಕೊರತೆ ವರ್ಷಗಟ್ಟಲೆ ಕಾಣುವುದೇ ಇಲ್ಲ. ನಮ್ಮ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಸಾಮಾನ್ಯ. ಹಾಟ್‌ಸ್ಪಾಟ್ ಹಿಡಿದ ಕೂಡಲೇ ಲ್ಯಾಪ್‌ಟಾಪ್‌ಗೂ ಅದು ಸಿಗುತ್ತದೆ, ಎರಡೂ ಇದ್ದಾಗ ವಿಂಡೋಸ್ ಐಪಿವಿ6ಕ್ಕೇ ಮೊದಲ ಮಣೆ ಹಾಕುತ್ತದೆ. ಆಗ ವಿಪಿಎನ್ ಕನೆಕ್ಟ್ ಆಗಿ ಹಸಿರು ಬಣ್ಣ ತೋರಿಸುತ್ತಿದ್ದರೂ ಪೋರ್ಟಲ್‌ಗೆ ನೀವು ಹೊರಗಿನಿಂದಲೇ ಹೋಗುತ್ತಿರುತ್ತೀರಿ.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟವಲ್ಲ. ಆ ವಿಳಾಸ ಎಷ್ಟು ಹೊತ್ತು ಕಂಡಿತು ಅಂತ ಐಟಿಯವರನ್ನು ಕೇಳಿ. ಅರ್ಧ ನಿಮಿಷ ಕಂಡು ಮಾಯವಾಗಿದ್ದರೆ ವಿಪಿಎನ್ ಕಡಿದಾಗಿನ ಸೋರಿಕೆ. ಹಾಟ್‌ಸ್ಪಾಟ್‌ನಲ್ಲಿ ಇದ್ದಷ್ಟು ಹೊತ್ತೂ ಕಂಡಿದ್ದರೆ, ಕೋಲನ್ ವಿಳಾಸವೂ ಆಗಿದ್ದರೆ, ಐಪಿವಿ6 ಸೋರಿಕೆ. ಎರಡಕ್ಕೂ ಔಷಧ ಬೇರೆ.

ಇದನ್ನು ನೀವೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಮೊದಲು ಪೋರ್ಟಲ್‌ನಿಂದ ಲಾಗೌಟ್ ಆಗಿ, ಬ್ರೌಸರ್ ಪೂರ್ತಿ ಮುಚ್ಚಿ. ಇಲ್ಲದಿದ್ದರೆ ಪರೀಕ್ಷೆಯಿಂದಲೇ ಇನ್ನೊಂದು ಎಚ್ಚರಿಕೆ ಮೇಲ್ ಬರುತ್ತದೆ! ಆಮೇಲೆ ವಿಪಿಎನ್ ಆನ್ ಮಾಡಿ, ಪವರ್‌ಶೆಲ್ ತೆರೆದು ಇದನ್ನು ಹಾಕಿ:

```
while (1) {
  "$(Get-Date -Format T)  $(curl.exe -s -m 2 https://api64.ipify.org)"
  sleep 1
}
```

ಇದು ಮತ್ತೆ ಮತ್ತೆ, ಸಮಯದ ಪಕ್ಕದಲ್ಲಿ, ಹೊರಗಿನವರಿಗೆ ಕಾಣುವ ನಿಮ್ಮ ಐಪಿ ವಿಳಾಸ ಬರೆಯುತ್ತಾ ಹೋಗುತ್ತದೆ. ಶುರುವಿನಲ್ಲಿ ವಿಪಿಎನ್‌ನ ವಿಳಾಸ ಬರಬೇಕು. ಈಗ ರೂಟರ್‌ನ ಸ್ವಿಚ್ ಆಫ್ ಮಾಡಿ, ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಹಿಡಿಯಲಿ ಬಿಡಿ. ಸಮಯ ಮಾತ್ರ ಇದ್ದು ವಿಳಾಸ ಖಾಲಿ ಇರುವ ಸಾಲುಗಳು ಬಂದು, ಮತ್ತೆ ವಿಪಿಎನ್ ವಿಳಾಸ ಬಂದರೆ ಸರಿಯಾಗಿದೆ. ನಡುವೆ ಒಂದೇ ಒಂದು ಸಾಲಿನಲ್ಲಿ ಬೇರೆ ವಿಳಾಸ ಕಂಡರೂ ಸೋರಿಕೆ ಇದೆ. ಕೋಲನ್ ಇರುವ ವಿಳಾಸ ಬಂದು ಅದೇ ನಿಂತುಬಿಟ್ಟರೆ, ಅದು ನಿಮ್ಮ ವಿಪಿಎನ್ ಕೊಟ್ಟದ್ದಲ್ಲದಿದ್ದರೆ, ಐಪಿವಿ6.

ಒಂದು ಸಲ ಮಾಡಿ ಬಿಡಬೇಡಿ. ಪ್ರತಿ ಸಾಲಿನ ನಡುವೆ ಅಂತರವಿರುವುದರಿಂದ ಚಿಕ್ಕ ಸೋರಿಕೆ ತಪ್ಪಿಸಿಕೊಳ್ಳಬಹುದು. ಇನ್ನೂ ಎರಡು ಪರೀಕ್ಷೆ ಬೇಕು. ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ವಿಪಿಎನ್ ಪ್ರೋಗ್ರಾಂ ಅನ್ನು End task ಮಾಡಿ ನೋಡಿ. ಕ್ರ್ಯಾಶ್ ಆದರೆ ಏನಾಗುತ್ತದೆ ಅಂತ ಇದರಲ್ಲಿ ಗೊತ್ತಾಗುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿ, ವಿಪಿಎನ್ ಕನೆಕ್ಟ್ ಆಗುವ ಮೊದಲೇ ಇದನ್ನು ಓಡಿಸಿ. Disconnect ಒತ್ತಿ ನೋಡುವುದು ಪರೀಕ್ಷೆಯೇ ಅಲ್ಲ, ಕಾರಣ ಮೇಲೆ ಹೇಳಿದೆ.

ಈಗ ಪರಿಹಾರ. ನಾನಾಗಿದ್ದರೆ ಮೊದಲು ಹಾಟ್‌ಸ್ಪಾಟ್‌ನ ಸ್ವಯಂಚಾಲಿತ ಕನೆಕ್ಷನ್ ತೆಗೆಯುತ್ತೇನೆ. ವೈಫೈ ಸೆಟ್ಟಿಂಗ್ಸ್‌ನ Manage known networks ಒಳಗೆ ನಿಮ್ಮ ಹಾಟ್‌ಸ್ಪಾಟ್ ಹೆಸರು ಒತ್ತಿ, Connect automatically when in range ಟಿಕ್ ತೆಗೆಯಿರಿ. ಕರೆಂಟ್ ಹೋದಾಗ ಪೋರ್ಟಲ್ ಮುಚ್ಚಿ, ನೀವೇ ಹಾಟ್‌ಸ್ಪಾಟ್ ಹಿಡಿದು, ವಿಪಿಎನ್ ಬಂದ ಮೇಲೆ ಮತ್ತೆ ತೆರೆಯಬಹುದು. ಖರ್ಚಿಲ್ಲದ ಕೆಲಸ. ಆದರೆ ಇದು ನಿಮ್ಮ ನೆನಪಿನ ಮೇಲೆ ನಿಂತಿರುತ್ತದೆ, ಅದೊಂದೇ ಸಾಲದು.

ಜೊತೆಗೆ ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಾಕಿಸಿ. ರೂಟರ್ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆ್ಯಂಪಿಯರ್ ನೋಡಿಕೊಂಡೇ ಕೊಳ್ಳಿ. ಹೆಚ್ಚಿನವು 12 ವೋಲ್ಟ್, ಆದರೆ ಎಲ್ಲವೂ ಅಲ್ಲ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು ಅನ್ನುವುದನ್ನು ಮರೆಯಬೇಡಿ. ನಾನು ಕೆಲಸ ಮಾಡಿಕೊಡುವ ದಾವಣಗೆರೆ, ಚಿತ್ರದುರ್ಗದ ಸಣ್ಣ ಆಫೀಸ್‌ಗಳಲ್ಲಿ ವಿಪಿಎನ್ ದೂರು ಅರ್ಧ ಕಡಿಮೆಯಾಗುವುದು ಇಲ್ಲೇ. ಕೇಬಲ್‌ನವರ ಕಡೆಯೂ ಕರೆಂಟ್ ಹೋದರೆ ಮಾತ್ರ ಇದು ಉಪಯೋಗಕ್ಕೆ ಬರುವುದಿಲ್ಲ.

ಮುಖ್ಯ ಕೆಲಸ ಕಿಲ್ ಸ್ವಿಚ್ ಅನ್ನು ಬಿಗಿ ಮಾಡುವುದು. ಆ್ಯಪ್‌ನಲ್ಲಿ ಶಾಶ್ವತ ತಡೆಯ ಆಯ್ಕೆ ಇದ್ದರೆ ಅದನ್ನು ಹಾಕಿ. ಕೆಲವು ಆ್ಯಪ್‌ಗಳನ್ನು ವಿಪಿಎನ್‌ನ ಹೊರಗೆ ಬಿಡುವ ಸ್ಪ್ಲಿಟ್ ಟನಲಿಂಗ್‌ನಲ್ಲಿ ಬ್ರೌಸರ್‌ಗೆ ವಿನಾಯಿತಿ ಕೊಟ್ಟಿಲ್ಲ ತಾನೇ ಅಂತಲೂ ನೋಡಿ. ನೀವು ಬಳಸುವುದು ವಿಂಡೋಸ್‌ನ ವೈರ್‌ಗಾರ್ಡ್ ಆ್ಯಪ್ ಆಗಿದ್ದರೆ, ಟನಲ್, ಅಂದರೆ ವಿಪಿಎನ್ ಕನೆಕ್ಷನ್, ಎಡಿಟ್ ಮಾಡುವಲ್ಲಿ Block untunneled traffic (kill-switch) ಅನ್ನುವ ಟಿಕ್ ಇದೆ. `AllowedIPs` ಎದುರು `0.0.0.0/0` ಅಂತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. `0.0.0.0/1, 128.0.0.0/1` ಅಂತ ಎರಡು ಅರ್ಧ ಮಾಡಿ ಬರೆದಿದ್ದರೆ ಟ್ರಾಫಿಕ್ ಟನಲ್‌ನಲ್ಲೇ ಹೋಗುತ್ತದೆ, ಆದರೆ ತಡೆ ಇರುವುದಿಲ್ಲ. ಟನಲ್ ಆಫ್ ಆದರೂ ಆ ತಡೆ ಹೋಗುತ್ತದೆ, ನೆನಪಿಡಿ.

ಬಿಗಿ ಮಾಡಿದ್ದಕ್ಕೆ ಬೆಲೆಯೂ ಇದೆ. ಲಾಡ್ಜ್, ರೈಲ್ವೆ ಸ್ಟೇಷನ್ ವೈಫೈಗಳಲ್ಲಿ ಮೊದಲು ಬರುವ ಲಾಗಿನ್ ಪುಟ ತೆರೆಯುವುದೇ ಇಲ್ಲ, ಏಕೆಂದರೆ ಅದೂ ವಿಪಿಎನ್‌ನ ಹೊರಗಿನ ಟ್ರಾಫಿಕ್. ಮನೆಯ ಪ್ರಿಂಟರ್ ಕೆಲಸ ಮಾಡದಿರಬಹುದು, ಅದಕ್ಕೆ ಲೋಕಲ್ ನೆಟ್‌ವರ್ಕ್‌ಗೆ ಅನುಮತಿ ಕೊಡುವ ಆಯ್ಕೆ ಬೇರೆ ಇರುತ್ತದೆ. ಆ್ಯಪ್ ಕೆಟ್ಟುಹೋದರೆ ಲ್ಯಾಪ್‌ಟಾಪ್‌ನಲ್ಲಿ ನೆಟ್ಟೇ ಇರುವುದಿಲ್ಲ. ಆಗ ಗಾಬರಿಯಾಗಿ ರೂಟರ್ ಬದಲಿಸಿದವರನ್ನು ನೋಡಿದ್ದೇನೆ. ಆ್ಯಪ್ ಮತ್ತೆ ತೆರೆದು ತಡೆ ತೆಗೆದರೆ, ಅದಾಗದಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡಿ ತೆಗೆದರೆ ಸರಿಹೋಗುತ್ತದೆ. ಇನ್‌ಸ್ಟಾಲರ್ ಫೈಲ್ ಅನ್ನು ಲ್ಯಾಪ್‌ಟಾಪ್‌ನಲ್ಲೇ ಒಂದು ಕಡೆ ಇಟ್ಟುಕೊಳ್ಳಿ, ನೆಟ್ ಇಲ್ಲದಾಗ ಡೌನ್‌ಲೋಡ್ ಮಾಡಲಾಗದು.

ಪರೀಕ್ಷೆಯಲ್ಲಿ ಐಪಿವಿ6 ಅಂತ ಕಂಡರೆ, ಅದನ್ನು ಟನಲ್‌ನೊಳಗೆ ಒಯ್ಯುವ ಅಥವಾ ಪೂರ್ತಿ ತಡೆಯುವ ವಿಪಿಎನ್ ಬೇಕು. ಅಲ್ಲಿಯವರೆಗೆ `ncpa.cpl` ತೆರೆದು ವೈಫೈ ಅಡಾಪ್ಟರ್‌ನ Properties ಒಳಗೆ Internet Protocol Version 6 (TCP/IPv6) ಟಿಕ್ ತೆಗೆದಿಡಬಹುದು. ಹಾಟ್‌ಸ್ಪಾಟ್ ಐಪಿವಿ4 ಅನ್ನೂ ಕೊಡುವುದರಿಂದ ಕೆಲಸ ನಿಲ್ಲುವುದಿಲ್ಲ.

ಮೊಬೈಲ್‌ನಲ್ಲಿ ವಿಪಿಎನ್ ಹಾಕಿ ಹಾಟ್‌ಸ್ಪಾಟ್ ಕೊಡುವ ಯೋಚನೆ ಬಿಟ್ಟುಬಿಡಿ. ಸಾಮಾನ್ಯ ಆಂಡ್ರಾಯ್ಡ್ ಫೋನ್‌ನಲ್ಲಿ ವಿಪಿಎನ್ ಆ ಫೋನಿನ ಆ್ಯಪ್‌ಗಳಿಗೆ ಮಾತ್ರ. ಹಾಟ್‌ಸ್ಪಾಟ್ ಹಿಡಿದ ಲ್ಯಾಪ್‌ಟಾಪ್‌ನ ಟ್ರಾಫಿಕ್ ಅದರೊಳಗೆ ಹೋಗುವುದಿಲ್ಲ, ನೇರವಾಗಿ ಮೊಬೈಲ್ ನೆಟ್‌ವರ್ಕ್‌ಗೆ ಹೋಗುತ್ತದೆ. ಆಂಡ್ರಾಯ್ಡ್ 8ರಿಂದ ಬಂದಿರುವ Block connections without VPN ಆನ್ ಮಾಡಿದರೂ ಲ್ಯಾಪ್‌ಟಾಪ್‌ಗೆ ರಕ್ಷಣೆ ಸಿಗುತ್ತದೆ ಅಂದುಕೊಳ್ಳಬೇಡಿ.

ಕೊನೆಯದಾಗಿ ನಿಮ್ಮ ಕಂಪನಿಯ ಐಟಿಯವರಿಗೆ ಉತ್ತರ ಬರೆಯುವಾಗ ಒಂದು ಬೇಡಿಕೆಯನ್ನೂ ಇಡಿ. ನಿಮ್ಮ ಅಕೌಂಟ್ ವಿಪಿಎನ್‌ನ ಐಪಿ ವಿಳಾಸದಿಂದ ಬಂದರೆ ಮಾತ್ರ ತೆರೆಯುವಂತೆ ಪೋರ್ಟಲ್‌ನಲ್ಲೇ ನಿಯಮ ಹಾಕಲು ಕೇಳಿ. ವಿಪಿಎನ್‌ಗೆ ಬದಲಾಗದ ಒಂದೇ ವಿಳಾಸ ಇದ್ದರೆ ಇದು ಅವರಿಗೆ ಸಣ್ಣ ಕೆಲಸ. ಆಗ ನಿಮ್ಮ ಲ್ಯಾಪ್‌ಟಾಪ್ ತಪ್ಪು ದಾರಿಯಲ್ಲಿ ಹೋದರೂ ಪೋರ್ಟಲ್ ಒಳಗೆ ಬಿಡುವುದಿಲ್ಲ. ಯಾವತ್ತು ಎಷ್ಟು ಗಂಟೆಗೆ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಹಾಟ್‌ಸ್ಪಾಟ್‌ಗೆ ಬದಲಾಯಿತು, ವಿಪಿಎನ್ ಅಡಾಪ್ಟರ್ ಮತ್ತೆ ಕಟ್ಟಿಕೊಳ್ಳುವ ನಡುವೆ ತೆರೆದಿದ್ದ ಟ್ಯಾಬ್ ರೀಕನೆಕ್ಟ್ ಆಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಪರೀಕ್ಷೆಯ ಸಾಲುಗಳನ್ನು, ಸರಿಪಡಿಸುವ ಮೊದಲಿನದ್ದು ಮತ್ತು ನಂತರದ್ದು, ಎರಡನ್ನೂ ಜೊತೆಗೆ ಹಾಕಿ. ಅವರ ಲಾಗ್‌ನಲ್ಲಿರುವ ಸಮಯಕ್ಕೆ ತಾಳೆ ನೋಡಲು ಅವರಿಗೆ ಅದು ಬೇಕಾಗುತ್ತದೆ. ಸಮಯದ ಮುಂದೆ ಭಾರತದ ಸಮಯ ಅಂತ ನಮೂದಿಸಿ.